ಏಳೂವರೆ ಬಡ್ಡಿಯಲ್ಲಿ ನಮಗೆ ಉಳಿದದ್ದೆಷ್ಟು?



ಠೇವಣಿ ಇಡಲು ಹೋದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, 'ಬಡ್ಡಿ ಎಷ್ಟು ಕೊಡ್ತೀರಿ?' ಎಂಬುದು. ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ, ಬೋರ್ಡಿನಲ್ಲಿ ಬರೆದ ಅಂಕಿ ನೋಡಿ ಲೆಕ್ಕ ಹಾಕಿಕೊಂಡು ಬರುತ್ತೇವೆ. ಆ ಅಂಕಿ ಸುಳ್ಳಲ್ಲ. ಆದರೆ ಅದು ಪೂರ್ತಿ ಲೆಕ್ಕವೂ ಅಲ್ಲ. ಡೇರಿಯಲ್ಲಿ ಎಷ್ಟು ಲೀಟರ್ ಹಾಲು ಹಾಕಿದೆವು ಎಂಬುದೊಂದರಿಂದಲೇ ಲಾಭ ಗೊತ್ತಾಗುವುದಿಲ್ಲ. ಹಿಂಡಿ, ಬೂಸಾ, ಔಷಧಿ, ಮೇವಿನ ಖರ್ಚು ಕಳೆದ ಮೇಲೆ ಬಟವಾಡೆಯಲ್ಲಿ ಉಳಿದದ್ದೇ ನಮ್ಮದು. ಬಡ್ಡಿಗೂ ಇಂಥ ಎರಡು ಖರ್ಚುಗಳಿವೆ. ಒಂದು ಬೆಲೆ ಏರಿಕೆ, ಇನ್ನೊಂದು ತೆರಿಗೆ. ಇವೆರಡನ್ನೂ ಕಳೆದ ಮೇಲೆ ಉಳಿಯುವ ಬಡ್ಡಿಯೇ ನಿಜವಾದ ಬಡ್ಡಿ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಹೆಣ್ಣುಮಕ್ಕಳಿಗೆಂದೇ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಮಹಿಳಾ ಸಮ್ಮಾನ್ ಉಳಿತಾಯ ಪ್ರಮಾಣಪತ್ರ ತಂದಿತು. ಎರಡು ವರ್ಷದ ಅವಧಿ, ಶೇ 7.5 ಬಡ್ಡಿ, ಗರಿಷ್ಠ 2 ಲಕ್ಷ ರೂಪಾಯಿ. 2025ರ ಮಾರ್ಚ್ 31ಕ್ಕೆ ಹೊಸ ಖಾತೆ ತೆರೆಯುವುದು ನಿಂತಿತು. ಮೊದಲು ಇಟ್ಟವರ ಹಣ 2025ರ ಏಪ್ರಿಲ್‌ನಿಂದ ಕೈಗೆ ಬರತೊಡಗಿತು. ಕೊನೆಯಲ್ಲಿ ಇಟ್ಟವರದು 2027ರ ಮಾರ್ಚ್‌ವರೆಗೂ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ತಂಬಾಕು ಹರಾಜಿನ ಹಣವೂ ವರ್ಷಕ್ಕೊಮ್ಮೆ ಗಂಟಾಗಿ ಬರುತ್ತದೆ. ಕೆ.ಆರ್. ನಗರದ ಕಡೆ ಭತ್ತ ಮಾರಿದಾಗ ಬರುತ್ತದೆ. ಗಂಟು ಕೈಗೆ ಬಂದಾಗ ಎಲ್ಲಿಡುವುದು ಎಂಬ ತೀರ್ಮಾನ ಒಂದೇ ದಿನದಲ್ಲಿ ಆಗಿಹೋಗುತ್ತದೆ. ಅದರ ಫಲ ವರ್ಷಗಟ್ಟಲೆ ಇರುತ್ತದೆ.

ಹಾಗಾಗಿ ಆ ಪ್ರಮಾಣಪತ್ರವನ್ನೇ ಉದಾಹರಣೆಗೆ ತೆಗೆದುಕೊಂಡು ಲೆಕ್ಕ ಬಿಡಿಸೋಣ. ನಿಮ್ಮ ಸಂಘದ ಒಬ್ಬ ಸದಸ್ಯೆ 2023ರ ಏಪ್ರಿಲ್‌ನಲ್ಲಿ ಪೂರ್ತಿ 2 ಲಕ್ಷ ಇಟ್ಟರು ಎಂದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ, 2025ರ ಏಪ್ರಿಲ್‌ನಲ್ಲಿ ಅವರಿಗೆ ಬಂದದ್ದು 2,32,044 ರೂಪಾಯಿ. ಅಂದರೆ 32,044 ರೂಪಾಯಿ ಬಡ್ಡಿ. ಪಾಸ್‌ಬುಕ್ಕಿನಲ್ಲಿ ಕಾಣುವುದು ಇಷ್ಟೇ.

ಈಗ ಮೊದಲ ಖರ್ಚು ಕಳೆಯೋಣ. ಸರ್ಕಾರವೇ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ, ದೇಶದಲ್ಲಿ ಮನೆ ಬಳಕೆಯ ವಸ್ತುಗಳ ಬೆಲೆ 2023-24ರಲ್ಲಿ ಸರಾಸರಿ ಶೇ 5.4, 2024-25ರಲ್ಲಿ ಶೇ 4.6 ಏರಿತು. 2 ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಮೊದಲ ವರ್ಷದ ಕೊನೆಗೆ 2,10,800 ರೂಪಾಯಿ ಬೇಕಾಯಿತು. ಎರಡನೇ ವರ್ಷದ ಕೊನೆಗೆ ಸುಮಾರು 2,20,500 ಬೇಕಾಯಿತು. ಹೀಗಾಗಿ ಕೈಗೆ ಬಂದ 2,32,044ರಲ್ಲಿ 2,20,500 ರೂಪಾಯಿ ಹಳೆಯ 2 ಲಕ್ಷದ ಬೆಲೆಯನ್ನು ಉಳಿಸಿಕೊಳ್ಳಲಿಕ್ಕೇ ಹೋಯಿತು. ನಿಜವಾಗಿ ಹೆಚ್ಚಾದದ್ದು ಸುಮಾರು 11,500 ರೂಪಾಯಿ. ಬೋರ್ಡಿನಲ್ಲಿ ಇದ್ದದ್ದು ವರ್ಷಕ್ಕೆ ಶೇ 7.5. ಬೆಲೆ ಏರಿಕೆ ಕಳೆದರೆ ಉಳಿದದ್ದು ವರ್ಷಕ್ಕೆ ಶೇ 2.6ರಷ್ಟು.

ಎರಡನೇ ಖರ್ಚು ತೆರಿಗೆ. ಇದು ಎಲ್ಲರಿಗೂ ಬೀಳುವುದಿಲ್ಲ. ಬೀಳುವ ಮನೆಯಲ್ಲಿ ಏನಾಗುತ್ತದೆ ನೋಡಿ. ಶೇ 20ರ ಹಂತದಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಸೆಸ್ ಸೇರಿ ನೂರಕ್ಕೆ 20 ರೂಪಾಯಿ 80 ಪೈಸೆ ಹೋಗುತ್ತದೆ. 32,044 ರೂಪಾಯಿ ಬಡ್ಡಿಯಲ್ಲಿ ಸುಮಾರು 6,665 ರೂಪಾಯಿ ತೆರಿಗೆಗೆ ಹೋದರೆ ಕೈಯಲ್ಲಿ ಉಳಿಯುವುದು 2,25,380. ಬೆಲೆ ಏರಿಕೆಗೆ ಬೇಕಾದ 2,20,500 ತೆಗೆದರೆ ಮಿಕ್ಕಿದ್ದು 4,900 ರೂಪಾಯಿಗೂ ಸ್ವಲ್ಪ ಕಡಿಮೆ. ಎರಡು ವರ್ಷ 2 ಲಕ್ಷ ಇಟ್ಟದ್ದಕ್ಕೆ ನಿಜವಾದ ಪ್ರತಿಫಲ ಇಷ್ಟು. ವರ್ಷಕ್ಕೆ ಶೇ 1.1.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ತೆರಿಗೆ ಲೆಕ್ಕ ಹಾಕುವಾಗ ಇಲಾಖೆ ಬೆಲೆ ಏರಿಕೆಯನ್ನು ಕಳೆಯುವುದಿಲ್ಲ. ನಿಮಗೆ ನಿಜವಾಗಿ ಹೆಚ್ಚಾದದ್ದು 11,500 ರೂಪಾಯಿಯಾದರೂ ತೆರಿಗೆ ಬೀಳುವುದು ಪೂರ್ತಿ 32,044ರ ಮೇಲೆ. ಆದ್ದರಿಂದಲೇ ಬೆಲೆ ಏರಿಕೆ ಜೋರಾಗಿರುವ ವರ್ಷಗಳಲ್ಲಿ ತೆರಿಗೆ ಕಟ್ಟುವವರ ಠೇವಣಿ ಬೆಳೆಯುವುದಿರಲಿ, ಒಳಗೊಳಗೇ ಸವೆಯುತ್ತದೆ.

ಸವೆದದ್ದಕ್ಕೆ ದೂರದ ಉದಾಹರಣೆ ಬೇಡ. 2020ರ ಮೇ ಕೊನೆಯಲ್ಲಿ ಸ್ಟೇಟ್ ಬ್ಯಾಂಕ್ ಐದು ವರ್ಷದ ಠೇವಣಿಗೆ ಶೇ 5.4 ಬಡ್ಡಿ ನಿಗದಿ ಮಾಡಿತು. ಕೊರೊನಾ ಕಾಲ. ಬೇರೆ ಬ್ಯಾಂಕುಗಳಲ್ಲೂ ಬಡ್ಡಿ ಇಳಿದಿತ್ತು. ಆಗ 1 ಲಕ್ಷ ಇಟ್ಟವರಿಗೆ ಐದು ವರ್ಷದ ನಂತರ ಬಂದದ್ದು ಸುಮಾರು 1,30,750 ರೂಪಾಯಿ. ಆ ಐದು ಹಣಕಾಸು ವರ್ಷಗಳಲ್ಲಿ ಬೆಲೆ ಏರಿದ್ದು ಕ್ರಮವಾಗಿ ಶೇ 6.2, 5.5, 6.7, 5.4 ಮತ್ತು 4.6. ಇವನ್ನು ಒಂದರ ಮೇಲೊಂದು ಸೇರಿಸಿದರೆ 1 ಲಕ್ಷದ ಸಾಮಾನಿಗೆ 1,31,800 ರೂಪಾಯಿ ಆಗುತ್ತದೆ. ಒಂದು ಪೈಸೆ ತೆರಿಗೆ ಕಟ್ಟದವರೂ ಸಾವಿರ ರೂಪಾಯಿಯಷ್ಟು ಹಿಂದೆ ಬಿದ್ದರು. ಶೇ 20ರ ತೆರಿಗೆ ಕಟ್ಟಿದವರು 7,500 ರೂಪಾಯಿಯಷ್ಟು ಹಿಂದೆ ಬಿದ್ದರು. ಪಾಸ್‌ಬುಕ್ಕಿನಲ್ಲಿ ಮಾತ್ರ ಹಣ ಬೆಳೆದಂತೆಯೇ ಕಂಡಿತು.

'ಹಿಂದೆ ಐದೂವರೆ ವರ್ಷಕ್ಕೇ ಹಣ ದುಪ್ಪಟ್ಟಾಗುತ್ತಿತ್ತು, ಈಗ ಏನಿದೆ?' ಎಂದು ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಅವರ ಮಾತು ನಿಜ. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು. ಈಗ ಅದಕ್ಕೆ 115 ತಿಂಗಳು, ಅಂದರೆ ಒಂಬತ್ತೂವರೆ ವರ್ಷದಷ್ಟು ಬೇಕು. ಆದರೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಲೆಗಳೂ ವರ್ಷಕ್ಕೆ ಶೇ 10ರ ಆಸುಪಾಸು ಏರುತ್ತಿದ್ದವು. 1991-92ರಲ್ಲಂತೂ ಶೇ 13 ದಾಟಿತ್ತು. ಗಂಟು ದುಪ್ಪಟ್ಟಾಗುವಷ್ಟರಲ್ಲಿ ಅಂಗಡಿಯ ಬೆಲೆಯೂ ಅದರ ಬೆನ್ನಿಗೇ ಓಡಿರುತ್ತಿತ್ತು. ಇದಕ್ಕೆ ತಿರುಗುಮುರುಗಾದದ್ದೂ ನಡೆದಿದೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ 5.5ಕ್ಕೆ ಇಳಿಸಿತು. ಠೇವಣಿ ಬಡ್ಡಿಯೂ ಇಳಿಯಿತು. ಆದರೆ ಬೆಲೆ ಏರಿಕೆ ಅದಕ್ಕಿಂತ ಹೆಚ್ಚು ಇಳಿದು, 2025ರ ಜುಲೈನಲ್ಲಿ ಶೇ 1.6ರ ಹತ್ತಿರ ಇತ್ತು. ಹೀಗಾಗಿ ಬಡ್ಡಿ ಇಳಿದ ವರ್ಷವೆಲ್ಲ ಕೆಟ್ಟ ವರ್ಷವಲ್ಲ, ಬಡ್ಡಿ ಏರಿದ ವರ್ಷವೆಲ್ಲ ಒಳ್ಳೆಯ ವರ್ಷವೂ ಅಲ್ಲ. ಬಡ್ಡಿಗೂ ಬೆಲೆ ಏರಿಕೆಗೂ ನಡುವೆ ಇರುವ ಅಂತರವನ್ನು ನೋಡಬೇಕು.

ಸರ್ಕಾರದ ಸೂಚ್ಯಂಕ ದೇಶದ ಸರಾಸರಿ. ಅದರಲ್ಲಿ ಅಕ್ಕಿ, ಬೇಳೆ, ತರಕಾರಿ, ಬಟ್ಟೆ, ಬಸ್ ಚಾರ್ಜು ಇದ್ದಾವೆ. ಹಸುವಿಗೆ ಹಾಕುವ ಹಿಂಡಿ, ಬೂಸಾ ಇಲ್ಲ. ಏಕೆಂದರೆ ಅದು ಮನೆಯವರು ಬಳಸುವ ವಸ್ತುಗಳ ಪಟ್ಟಿ. ನಿಮ್ಮ ಹಣ ಮುಂದೆ ಯಾವುದಕ್ಕೆ ಖರ್ಚಾಗುತ್ತದೋ ಅದರ ಬೆಲೆ ಎಷ್ಟು ಏರಿತು ಎಂಬುದೇ ನಿಮ್ಮ ಬೆಲೆ ಏರಿಕೆ. ನಮಗೆಲ್ಲ ಗೊತ್ತಿರುವ ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲನ್ನೇ ನೋಡಿ. 2023ರ ಏಪ್ರಿಲ್‌ನಲ್ಲಿ ಲೀಟರಿಗೆ 39 ರೂಪಾಯಿ ಇತ್ತು. ಆ ವರ್ಷದ ಆಗಸ್ಟ್‌ನಲ್ಲಿ 42 ಆಯಿತು. 2025ರ ಏಪ್ರಿಲ್‌ನಲ್ಲಿ 46 ಆಯಿತು. ಮೇಲೆ ಹೇಳಿದ ಸದಸ್ಯೆಯ 2 ಲಕ್ಷಕ್ಕೆ ಠೇವಣಿ ಇಟ್ಟ ದಿನ 5,128 ಲೀಟರ್ ಹಾಲು ಬರುತ್ತಿತ್ತು. ಬಡ್ಡಿ ಸೇರಿ ಬಂದ 2,32,044 ರೂಪಾಯಿಗೆ 2025ರ ಏಪ್ರಿಲ್‌ನಲ್ಲಿ ಬರುವುದು 5,044 ಲೀಟರ್. ಹಾಲಿನ ಲೆಕ್ಕದಲ್ಲಿ ಶೇ 7.5 ಬಡ್ಡಿಯೂ ಸಾಲಲಿಲ್ಲ. ಹಾಲಿನ ದರ ಏರಿದ್ದು ಉತ್ಪಾದಕರಾದ ನಮಗೆ ಬೇಕಾದದ್ದೇ. ಆದರೆ ಅದೇ ಎರಡು ವರ್ಷದಲ್ಲಿ ನಮ್ಮ ಗಂಟಿನ ಹಣ ಹಾಲಿನಷ್ಟೂ ಬೆಳೆಯಲಿಲ್ಲ ಎಂಬುದು ತಿಳಿದಿರಬೇಕು.

ಹಸು ಕೊಳ್ಳಲೆಂದು ಕೂಡಿಡುವವರು ಹಸುವಿನ ಬೆಲೆಯಲ್ಲಿ, ಮಗಳ ಕಾಲೇಜಿಗೆ ಕೂಡಿಡುವವರು ಕಾಲೇಜಿನ ಶುಲ್ಕದಲ್ಲಿ ಇದೇ ಲೆಕ್ಕ ಮಾಡಿ. ಎರಡು ವರ್ಷದ ಹಿಂದಿನ ಒಂದು ರಸೀದಿ, ಇವತ್ತಿನ ಒಂದು ರಸೀದಿ ಇದ್ದರೆ ಸಾಕು. ಹಿಂದಿನ ದಿನ ನಿಮ್ಮ ಗಂಟಿಗೆ ಎಷ್ಟು ಬರುತ್ತಿತ್ತು, ಇವತ್ತು ಬಡ್ಡಿ ಸೇರಿದ ಗಂಟಿಗೆ ಎಷ್ಟು ಬರುತ್ತದೆ ಎಂದು ನೋಡಿ. ಎರಡನೆಯದು ಹೆಚ್ಚಿದ್ದರೆ ಹಣ ಬೆಳೆದಿದೆ. ಕಡಿಮೆಯಿದ್ದರೆ ಸವೆದಿದೆ.

ಇನ್ನು ತೆರಿಗೆಯ ವಿಷಯ. ಇಲ್ಲಿ ನಮ್ಮವರಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಇದೆ. ಮೊದಲನೆಯದು, 'ನಾವು ರೈತರು, ನಮಗೆ ತೆರಿಗೆಯೇ ಇಲ್ಲ' ಎಂಬುದು. ಹೊಲದ ಬೆಳೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಆ ಬೆಳೆ ಮಾರಿದ ಹಣವನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಕೃಷಿ ಆದಾಯ ಅಲ್ಲ. ಹೈನುಗಾರಿಕೆಯ ಆದಾಯವೂ ಆ ಕಾಯ್ದೆಯ ಲೆಕ್ಕದಲ್ಲಿ ಕೃಷಿ ಆದಾಯ ಅಲ್ಲ. ಎರಡನೆಯದು, ಬ್ಯಾಂಕಿನವರು ಟಿಡಿಎಸ್ ಹಿಡಿದರೆ ಅದು ಹೋದ ಹಣ ಎಂದು ಸುಮ್ಮನಾಗುವುದು.

2025-26ನೇ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ, ಬಡ್ಡಿಯೂ ಹಾಲಿನ ಲಾಭವೂ ಸೇರಿ ವರ್ಷದ ಆದಾಯ 12 ಲಕ್ಷದೊಳಗೆ ಇರುವವರಿಗೆ ತೆರಿಗೆ ಬೀಳುವುದಿಲ್ಲ. ನಮ್ಮ ಸದಸ್ಯೆಯರಲ್ಲಿ ಬಹುಪಾಲು ಇದರೊಳಗೇ ಬರುತ್ತಾರೆ. ಒಂದೇ ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂಪಾಯಿ ದಾಟಿದರೆ, 60 ತುಂಬಿದವರಿಗೆ 1 ಲಕ್ಷ ದಾಟಿದರೆ, ಬ್ಯಾಂಕು ಶೇ 10 ಟಿಡಿಎಸ್ ಹಿಡಿಯುತ್ತದೆ. ಪಾನ್ ಕೊಡದಿದ್ದರೆ ಶೇ 20. ತೆರಿಗೆ ಬೀಳದವರು ವರ್ಷದ ಆರಂಭದಲ್ಲೇ ಅದಕ್ಕಿರುವ ನಮೂನೆ ಬರೆದುಕೊಟ್ಟರೆ ಹಿಡಿಯುವುದಿಲ್ಲ. 2025-26ರಲ್ಲಿ ಅದು 15ಜಿ, 60 ತುಂಬಿದವರಿಗೆ 15ಎಚ್ ಆಗಿತ್ತು. ಒಂದು ಷರತ್ತು ನೆನಪಿರಲಿ. 60 ತುಂಬದವರು ಅದನ್ನು ಕೊಡಬೇಕಾದರೆ ಆ ವರ್ಷದ ಒಟ್ಟು ಬಡ್ಡಿ ತೆರಿಗೆಯ ಮೂಲ ವಿನಾಯಿತಿ ಮಿತಿಯೊಳಗೆ ಇರಬೇಕು. ಹೊಸ ಪದ್ಧತಿಯಲ್ಲಿ ಅದು 4 ಲಕ್ಷ. ಹಣ ಹಿಡಿದುಬಿಟ್ಟಿದ್ದರೂ ಹೋದ ಹಣ ಅಲ್ಲ. ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಸಲ್ಲಿಸದೆ ಬಿಟ್ಟರೆ ಮಾತ್ರ ಬೀಳಬೇಕಿಲ್ಲದ ತೆರಿಗೆಯನ್ನು ನೀವೇ ಕಟ್ಟಿದಂತಾಗುತ್ತದೆ.

ಹೆಣ್ಣುಮಕ್ಕಳು ತಿಳಿದಿರಲೇಬೇಕಾದ ಇನ್ನೊಂದು ನಿಯಮ ಇದೆ. ಗಂಡ ತನ್ನ ಹಣವನ್ನು ಹೆಂಡತಿಗೆ ಉಚಿತವಾಗಿ ಕೊಟ್ಟು ಅವಳ ಹೆಸರಲ್ಲಿ ಠೇವಣಿ ಇಡಿಸಿದರೆ, ಆ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸಿ ತೆರಿಗೆ ಲೆಕ್ಕ ಹಾಕುತ್ತಾರೆ. ಗಂಡನಿಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ ಚಿಂತೆಯಿಲ್ಲ. ಅವರು ಸಂಬಳದಾರರಾಗಿ ಶೇ 20ರ ಹಂತದಲ್ಲಿದ್ದರೆ, ಮೇಲಿನ ಲೆಕ್ಕದ 11,500 ರೂಪಾಯಿ 4,900 ಆಗುವುದು ಇಂಥ ಮನೆಯಲ್ಲೇ. ಆದರೆ ನೀವು ಹಾಲು ಹಾಕಿ ಸಂಪಾದಿಸಿದ ಬಟವಾಡೆ ಹಣ ನಿಮ್ಮದೇ. ಅದರ ಬಡ್ಡಿಯೂ ನಿಮ್ಮದೇ ಆದಾಯ. ಬಟವಾಡೆ ನಿಮ್ಮ ಹೆಸರಿನ ಖಾತೆಗೇ ಬರಲಿ, ಠೇವಣಿ ಆ ಖಾತೆಯಿಂದಲೇ ಹೋಗಲಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಯಾರಾದರೂ ಕೇಳಿದರೆ ತೋರಿಸಲು ಡೇರಿಯ ಪಾಸ್‌ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಎರಡೂ ಇರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ 'ಹಾಗಾದರೆ ಠೇವಣಿ ಇಡಬೇಡವೇ?' ಎಂದು ಕೇಳುತ್ತೀರಿ. ಇಡಿ. ನಾಳೆ ಹಸುವಿಗೆ ಕೆಚ್ಚಲು ಬಾವು ಬಂದರೆ, ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆಯ ಖರ್ಚು ಬಂದರೆ ತಕ್ಷಣ ಕೈಗೆ ಸಿಗುವ ಹಣ ಅದೊಂದೇ. ಆ ಹಣದ ಕೆಲಸ ಕಾಯುವುದು, ಬೆಳೆಯುವುದಲ್ಲ. ಅದರ ಮೇಲೆ ಶೇ 1 ಉಳಿದರೂ ಸರಿ. ಆದರೆ ಇರುವ ಹಣವನ್ನೆಲ್ಲ ಐದು ವರ್ಷಕ್ಕೆ ಕಟ್ಟಿಹಾಕಿ, ಬೆಳೆಯುತ್ತಿದೆ ಎಂದು ನೆಮ್ಮದಿಯಾಗಿರುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ಒಂದು ಕಡೆ ಠೇವಣಿ, ಇನ್ನೊಂದು ಕಡೆ ದುಬಾರಿ ಸಾಲ ಇಟ್ಟುಕೊಂಡ ಮನೆಯಲ್ಲಿ ಮೊದಲು ಆ ಸಾಲ ತೀರಬೇಕು. ಊರಿನಲ್ಲಿ ಎರಡು ರೂಪಾಯಿ ಬಡ್ಡಿ ಎನ್ನುತ್ತೇವಲ್ಲ, ಅದು ವರ್ಷಕ್ಕೆ ಶೇ 24. 50,000 ರೂಪಾಯಿ ಸಾಲಕ್ಕೆ ವರ್ಷಕ್ಕೆ 12,000 ಬಡ್ಡಿ. ಅದೇ 50,000ವನ್ನು ಶೇ 6.5ಕ್ಕೆ ಠೇವಣಿ ಇಟ್ಟರೆ ಬರುವುದು 3,250ರ ಆಸುಪಾಸು. ಸಾಲ ತೀರಿಸಿದರೆ ಉಳಿಯುವ 12,000ಕ್ಕೆ ಯಾವ ತೆರಿಗೆಯೂ ಇಲ್ಲ. ಇಂಥ ಪ್ರತಿಫಲ ಕೊಡುವ ಠೇವಣಿ ಯಾವ ಬ್ಯಾಂಕಿನಲ್ಲೂ ಇಲ್ಲ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆ ಸಾಲದ ಮಾತು ಬೇರೆ. ಬೆಲೆ ಏರಿಕೆ ಠೇವಣಿಯನ್ನು ಸವೆಸುವ ಹಾಗೆ ಸಾಲವನ್ನೂ ಸವೆಸುತ್ತದೆ. ಅದನ್ನು ಗಡುವಿನೊಳಗೆ ಕಟ್ಟಿದರೆ ಸಾಕು, ಅವಸರ ಬೇಡ.

ಲೆಕ್ಕ ತಿಳಿದವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ. ಬ್ಯಾಂಕಿನ ಬಡ್ಡಿ ಸಾಲದು, ಎಲ್ಲಿ ಹೆಚ್ಚು ಕೊಡುತ್ತಾರೋ ಅಲ್ಲಿಡೋಣ ಎಂಬ ಆಸೆ. ಇಲ್ಲಿ ಹುಷಾರಾಗಿರಿ. ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘಗಳು, ಚೀಟಿ, ಖಾಸಗಿ ಫೈನಾನ್ಸ್‌ಗಳಲ್ಲಿ ಇಡುವ ಹಣಕ್ಕೆ ಆ ವಿಮೆ ಇಲ್ಲ. ಬೆಲೆ ಏರಿಕೆ ವರ್ಷಕ್ಕೆ ಐದಾರು ರೂಪಾಯಿ ತಿನ್ನುತ್ತದೆ. ಮುಳುಗಿದ ಸಂಸ್ಥೆ ನೂರಕ್ಕೆ ನೂರೂ ತಿನ್ನಬಹುದು. ಎರಡು ರೂಪಾಯಿ ಹೆಚ್ಚಿನ ಬಡ್ಡಿಗಾಗಿ ಅಸಲನ್ನು ಪಣಕ್ಕಿಡುವುದು ಬೇಡ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಸಲಹೆ. ಸಂಘದ ನಿಧಿಗಳೂ ಬ್ಯಾಂಕಿನಲ್ಲಿ ಠೇವಣಿಯಾಗಿಯೇ ಇರುತ್ತವೆ. ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿಯವರು ಆ ಠೇವಣಿ, ಅದರ ಬಡ್ಡಿ ಓದಿ ಹೇಳುತ್ತಾರೆ, ನಾವು ಕೈ ಎತ್ತುತ್ತೇವೆ. ಮುಂದಿನ ಸಭೆಯಲ್ಲಿ ಆ ಬಡ್ಡಿಯ ದರದ ಪಕ್ಕದಲ್ಲೇ ಆ ವರ್ಷದ ಬೆಲೆ ಏರಿಕೆಯ ದರವನ್ನೂ ಬರೆದು ಓದಬೇಕೆಂದು ಕೇಳಿ. ಸರ್ಕಾರ ಪ್ರತಿ ತಿಂಗಳೂ ಪ್ರಕಟಿಸುವ ಅಂಕಿ ಅದು, ಪತ್ರಿಕೆಯಲ್ಲಿ ಬರುತ್ತದೆ. ಎರಡೂ ಒಂದೇ ಸಾಲಿನಲ್ಲಿ ಇದ್ದರೆ ಸಂಘದ ಹಣ ಬೆಳೆಯಿತೋ ಸವೆಯಿತೋ ಎಂಬುದು ಸಭೆಯಲ್ಲಿ ಕುಳಿತ ಎಲ್ಲರಿಗೂ ತಿಳಿಯುತ್ತದೆ. ಆ ಸಾಲು ಓದುವುದು ಅಭ್ಯಾಸವಾದವರು ತಮ್ಮ ಮನೆಯ ಪಾಸ್‌ಬುಕ್ಕನ್ನೂ ಹಾಗೆಯೇ ಓದುತ್ತಾರೆ.